ನಕ್ಷತ್ರ ಚಿಹ್ನೆಗಿಂತ ಮೊದಲು ಆವರಣದೊಳಗಿನ ಸಂಖ್ಯೆ

ನಮ್ಮ ಸಂಶೋಧನಾ ತಂಡದ ಲೇಖನಗಳು ಪ್ರಕಟಣೆಗೆ ಹೋಗುವ ಮುನ್ನ ಅವುಗಳ ಕೋಷ್ಟಕಗಳನ್ನು ಪರಿಶೀಲಿಸುವುದು ನನ್ನ ಕೆಲಸದ ಒಂದು ಭಾಗ. ರಿಗ್ರೆಶನ್ ಫಲಿತಾಂಶದ ಕೋಷ್ಟಕ ಕೈಗೆ ಬಂದಾಗ ನಾನು ಮೊದಲು ಮಾಡುವುದು ಒಂದು ಸರಳ ಭಾಗಾಕಾರವನ್ನು: ಪ್ರತಿ ಗುಣಾಂಕವನ್ನೂ ಅದರ ಕೆಳಗೆ ಆವರಣದಲ್ಲಿರುವ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ ನೋಡುತ್ತೇನೆ. ದತ್ತಾಂಶದ ಮಾದರಿ ದೊಡ್ಡದಾಗಿದ್ದಾಗ ಈ ಭಾಗಲಬ್ಧವು 1.96 ದಾಟಿದರೆ ಶೇ. 5ರ ಮಟ್ಟದಲ್ಲಿ, 2.58 ದಾಟಿದರೆ ಶೇ. 1ರ ಮಟ್ಟದಲ್ಲಿ ಫಲಿತಾಂಶವನ್ನು ಗಣನೀಯವೆಂದು ಗುರುತಿಸಲಾಗುತ್ತದೆ. ನಕ್ಷತ್ರ ಚಿಹ್ನೆಗಳು ಈ ಭಾಗಲಬ್ಧದಿಂದಲೇ ಹುಟ್ಟುವುದರಿಂದ, ಎರಡೂ ಹೊಂದಿಕೆಯಾಗದಿದ್ದರೆ ಕೋಷ್ಟಕದಲ್ಲಿ ಏನೋ ತಪ್ಪಿದೆ ಎಂದೇ ಅರ್ಥ.

ಇತ್ತೀಚೆಗೆ ಪರಿಶೀಲನೆಗೆ ಬಂದ ಕರಡೊಂದರಲ್ಲಿ ಪ್ರಶ್ನೆ ಹೀಗಿತ್ತು: ವೃತ್ತಿ ತರಬೇತಿ ಪಡೆದವರ ವೇತನ ಎಷ್ಟು ಹೆಚ್ಚುತ್ತದೆ? ವೇತನದ ಲಾಗರಿದಮ್ ಅವಲಂಬಿತ ಚರವಾಗಿತ್ತು. ಪುರುಷರಿಗೂ ಮಹಿಳೆಯರಿಗೂ ಬೇರೆ ಬೇರೆ ಅಂಕಣಗಳಿದ್ದವು. ಪುರುಷರ ಅಂಕಣದಲ್ಲಿ 0.042 ಎಂಬ ಗುಣಾಂಕ, ಅದರ ಪಕ್ಕದಲ್ಲಿ ಎರಡು ನಕ್ಷತ್ರ, ಕೆಳಗೆ ಆವರಣದಲ್ಲಿ 2.63 ಎಂದು ಅಚ್ಚಾಗಿತ್ತು. ಅಡಿಟಿಪ್ಪಣಿಯು ಆವರಣದಲ್ಲಿರುವುದು ಸ್ಟ್ಯಾಂಡರ್ಡ್ ಎರರ್ ಎಂದು ಹೇಳುತ್ತಿತ್ತು. 0.042ಕ್ಕೆ 2.63ರಷ್ಟು ಎರರ್ ಇದ್ದರೆ ಒಂದು ನಕ್ಷತ್ರವೂ ಬರಲಾರದು. ನಿಜವಾಗಿ ಅಲ್ಲಿದ್ದದ್ದು ಟಿ-ಮೌಲ್ಯ, ಅಂದರೆ ಮೇಲೆ ಹೇಳಿದ ಭಾಗಲಬ್ಧವೇ. ಸ್ಟಾಟಾ ತಂತ್ರಾಂಶದ `esttab` ಆದೇಶವು ಬೇರೆ ಸೂಚನೆ ಕೊಡದಿದ್ದರೆ ಆವರಣದಲ್ಲಿ ಟಿ-ಮೌಲ್ಯವನ್ನೇ ಮುದ್ರಿಸುತ್ತದೆ; ನಕ್ಷತ್ರಗಳನ್ನೂ ಶೇ. 5, 1 ಮತ್ತು 0.1ರ ಮಿತಿಗಳಿಗೆ ಹಾಕುತ್ತದೆ. ಅರ್ಥಶಾಸ್ತ್ರದ ಲೇಖನಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿಗಳು ಶೇ. 10, 5 ಮತ್ತು 1 ಆದ್ದರಿಂದ, ಎರಡನ್ನೂ ಸ್ಪಷ್ಟವಾಗಿ ಬರೆಯುವುದೇ ಸುರಕ್ಷಿತ:

```
esttab m1 m2, se star(* 0.10 ** 0.05 *** 0.01)
```

ಹೀಗೆ ಮತ್ತೆ ಮುದ್ರಿಸಿದಾಗ ಪುರುಷರ ಅಂಕಣದಲ್ಲಿ 0.042 ಮತ್ತು 0.016, ಮಹಿಳೆಯರ ಅಂಕಣದಲ್ಲಿ 0.025 ಮತ್ತು 0.018 ಬಂದವು. ಮೊದಲನೆಯದರ ಭಾಗಲಬ್ಧ 2.63, ಎರಡನೆಯದರದು 1.39. ನಕ್ಷತ್ರಗಳು ಈಗ ಸಂಖ್ಯೆಗಳಿಗೆ ತಾಳೆಯಾದವು. ಆದರೆ ಇದಕ್ಕಿಂತ ಗಂಭೀರವಾದ ದೋಷ ಕೋಷ್ಟಕದ ಕೆಳಗಿನ ವಿವರಣೆಯಲ್ಲಿತ್ತು. ಪುರುಷರಿಗೆ ನಕ್ಷತ್ರಗಳಿದ್ದು ಮಹಿಳೆಯರಿಗೆ ಒಂದೂ ಇಲ್ಲದಿರುವುದನ್ನು ನೋಡಿ, ತರಬೇತಿಯ ಲಾಭ ಪುರುಷರಿಗೆ ಮಾತ್ರ ಸಿಗುತ್ತದೆ ಎಂದು ಲೇಖಕರು ಬರೆದಿದ್ದರು.

ಈ ತೀರ್ಮಾನಕ್ಕೆ ಬೇಕಾದ ಪರೀಕ್ಷೆ ಕೋಷ್ಟಕದಲ್ಲಿ ಎಲ್ಲಿಯೂ ಇರಲಿಲ್ಲ. ಎರಡು ಗುಣಾಂಕಗಳ ವ್ಯತ್ಯಾಸ 0.017. ಎರಡು ಗುಂಪುಗಳು ಪರಸ್ಪರ ಸ್ವತಂತ್ರವೆಂದು ಭಾವಿಸಿದರೆ, ಈ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ ಎಂದರೆ 0.016ರ ವರ್ಗ ಮತ್ತು 0.018ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 0.024. ಭಾಗಿಸಿದರೆ ಸಿಗುವುದು 0.71 ಮಾತ್ರ. ಮಹಿಳೆಯರ ಗುಣಾಂಕದ ಶೇ. 95ರ ವಿಶ್ವಾಸ ವ್ಯಾಪ್ತಿ ಸುಮಾರು −0.010ರಿಂದ 0.060ರವರೆಗೆ ಹರಡಿದ್ದು, ಸೊನ್ನೆಯೂ ಪುರುಷರ 0.042 ಕೂಡ ಅದರೊಳಗೇ ಬರುತ್ತವೆ. ನಕ್ಷತ್ರ ಇಲ್ಲದಿರುವುದನ್ನು ಪರಿಣಾಮವೇ ಇಲ್ಲ ಎಂದು ಓದುವ ಅಭ್ಯಾಸ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅನುಭವಿಗಳ ಕರಡುಗಳಲ್ಲೂ ಇದು ಮತ್ತೆ ಮತ್ತೆ ಕಾಣುತ್ತದೆ. ಕೋಷ್ಟಕಗಳಲ್ಲಿ ನಕ್ಷತ್ರ ಬಳಸದೆ ಸ್ಟ್ಯಾಂಡರ್ಡ್ ಎರರ್ ಮಾತ್ರ ಕೊಡಬೇಕೆಂದು ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ತನ್ನ ಪತ್ರಿಕೆಗಳಿಗೆ ಮಾಡಿರುವ ನಿಯಮ ನನಗೆ ಸರಿಯೆನಿಸುವುದು ಇದೇ ಕಾರಣಕ್ಕೆ.

ಕೈಲೆಕ್ಕಕ್ಕೆ ಒಂದು ಮಿತಿಯಿದೆ. ಈ ದತ್ತಾಂಶದಲ್ಲಿ ಒಂದೇ ಸಂಸ್ಥೆಯಲ್ಲಿ ದುಡಿಯುವ ಪುರುಷರೂ ಮಹಿಳೆಯರೂ ಇದ್ದು, ಸಂಸ್ಥೆಯ ಸ್ಥಿತಿಗತಿ ಇಬ್ಬರ ವೇತನವನ್ನೂ ಒಟ್ಟಿಗೆ ಏರಿಳಿಸಬಹುದಾದ್ದರಿಂದ, ಎರಡು ಗುಣಾಂಕಗಳು ಸ್ವತಂತ್ರವೆಂಬ ಊಹೆ ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದ ಎರಡೂ ಗುಂಪುಗಳನ್ನು ಒಂದೇ ರಿಗ್ರೆಶನ್‌ನಲ್ಲಿ ಸೇರಿಸಿ, ಸಂಸ್ಥೆಯ ಮಟ್ಟದಲ್ಲಿ ಕ್ಲಸ್ಟರ್ ಮಾಡಿ, ವ್ಯತ್ಯಾಸವನ್ನು ನೇರವಾಗಿ ಅಂದಾಜು ಮಾಡುವಂತೆ ಸೂಚಿಸಿದೆ:

```
reg lnwage i.female##(i.train c.age i.edu), vce(cluster firm)
```

ಇಲ್ಲಿ ಲಿಂಗವನ್ನು ತರಬೇತಿಯೊಂದಿಗೆ ಮಾತ್ರವಲ್ಲ, ವಯಸ್ಸು ಮತ್ತು ಶಿಕ್ಷಣದೊಂದಿಗೂ ಗುಣಿಸಿರುವುದನ್ನು ಗಮನಿಸಬೇಕು. ತರಬೇತಿಯೊಂದನ್ನೇ ಗುಣಿಸಿದರೆ ಉಳಿದ ಗುಣಾಂಕಗಳು ಎರಡೂ ಗುಂಪುಗಳಿಗೆ ಒಂದೇ ಎಂಬ ಷರತ್ತು ಸೇರಿಕೊಂಡು, ಬರುವ ವ್ಯತ್ಯಾಸ ಮೂಲದ ಎರಡು ಅಂಕಣಗಳ ವ್ಯತ್ಯಾಸಕ್ಕೆ ಸರಿಹೊಂದುವುದಿಲ್ಲ. ಎಲ್ಲವನ್ನೂ ಗುಣಿಸಿದಾಗ −0.017 ಹಾಗೆಯೇ ಬರುತ್ತದೆ. ಬದಲಾಗುವುದು ಅದರ ಸ್ಟ್ಯಾಂಡರ್ಡ್ ಎರರ್ ಮಾತ್ರ. ಸಂಸ್ಥೆಗಳು ಕೇವಲ 20 ಇದ್ದರೆ ಶೇ. 5ರ ಮಿತಿ 1.96 ಅಲ್ಲ, 2.09 ಎಂಬುದನ್ನೂ ಇಲ್ಲಿ ನೆನಪಿಡಬೇಕಾಗುತ್ತದೆ.

ಪರಿಷ್ಕೃತ ಕೋಷ್ಟಕಕ್ಕೆ ವ್ಯತ್ಯಾಸವನ್ನೂ ಅದರ ಎರರ್ ಅನ್ನೂ ತೋರಿಸುವ ಮೂರನೆಯ ಅಂಕಣ ಸೇರಿತು, ಮತ್ತು ವ್ಯತ್ಯಾಸ ಈ ಬಾರಿಯೂ ಗಣನೀಯವಾಗಿರಲಿಲ್ಲ. ಕೆಳಗಿನ ವಿವರಣೆ ಈಗ ಹೀಗಿದೆ: ತರಬೇತಿ ಪಡೆದ ಪುರುಷರ ವೇತನ ಸುಮಾರು ಶೇ. 4ರಷ್ಟು ಹೆಚ್ಚಿದೆ, ಮಹಿಳೆಯರಲ್ಲಿ ಅಂದಾಜು ಕಡಿಮೆಯಿದ್ದರೂ ನಿಖರವಾಗಿಲ್ಲ, ಎರಡೂ ಗುಂಪುಗಳ ಪರಿಣಾಮ ಬೇರೆ ಬೇರೆ ಎಂದು ಹೇಳಲು ಈ ದತ್ತಾಂಶ ಸಾಲದು.