ನಾನು ಬಾರದ ದಿನ ಲಾರಿ ನಿಲ್ಲುತ್ತದೆಯೇ?

ಮಂಗಳವಾರದಿಂದ ಒಂದೇ ಪ್ರಶ್ನೆ ತಲೆಯೊಳಗೆ ಸುತ್ತುತ್ತಿದೆ. ಕೇಳಿದವಳು ನನ್ನ ಎಂಟನೇ ಸೆಮಿಸ್ಟರಿನ ವಿದ್ಯಾರ್ಥಿನಿ. ಕೇಳಿಸಿಕೊಂಡವರು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯ ವ್ಯವಸ್ಥಾಪಕರು. ನಡುವೆ ಕುಳಿತಿದ್ದವಳು ಇಂಟರ್ನ್‌ಶಿಪ್ ಸಂಯೋಜಕಿ ಎಂಬ ಬಿರುದು ಹೊತ್ತ ನಾನು. ಮಾತನಾಡಬೇಕಾದ ನಾನೇ ಕಾಫಿ ಲೋಟದ ಹಿಂದೆ ಮುಖ ಮರೆಸಿಕೊಂಡಿದ್ದೆ.

ವ್ಯವಸ್ಥಾಪಕರು ಕೆಟ್ಟವರಲ್ಲ. ಎದ್ದು ನಿಂತು ಬರಮಾಡಿಕೊಂಡರು, ತಾವೇ ಕಾರ್ಖಾನೆ ತೋರಿಸಿದರು. ಕಾಫಿ ಬೀಜದ ಬಣ್ಣ ನೋಡಿ ಬೇರ್ಪಡಿಸುವ ಯಂತ್ರದ ಮುಂದೆ ನಿಂತಾಗ ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಯ ಕಣ್ಣು ಅರಳಿತು. ಸುರಿಯುವ ಬೀಜವನ್ನು ಕ್ಯಾಮೆರಾ ನೋಡುತ್ತದೆ, ಕಪ್ಪು ಬೀಜ ಕಂಡರೆ ಗಾಳಿಯ ಒಂದು ಚಿಟುಕು ಹೊಡೆದು ಪಕ್ಕಕ್ಕೆ ತಳ್ಳುತ್ತದೆ. ಬಿಗಿಯಾಗಿ ಹೊಂದಿಸಿದರೆ ಒಳ್ಳೆಯ ಬೀಜವೂ ಕಸಕ್ಕೆ ಹೋಗುತ್ತದೆ. ಸಡಿಲ ಬಿಟ್ಟರೆ ಕಪ್ಪು ಬೀಜ ಚೀಲ ಸೇರುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಪ್ರತಿ ತೋಟದ ಸರಕಿಗೂ ಬೇರೆ ಬೇರೆಯಾಗಿ ಕಂಡುಕೊಳ್ಳಬೇಕು. ನಾಲ್ಕು ತಿಂಗಳ ಕಲಿಕೆಗೆ ಇಷ್ಟು ಸಾಕು ಎಂದುಕೊಂಡು ನಾನು ಮನಸ್ಸಿನಲ್ಲೇ ಸಹಿ ಹಾಕಿಬಿಟ್ಟಿದ್ದೆ.

ಆದರೆ ಅವಳನ್ನು ಕೂರಿಸುವುದಾಗಿ ಅವರು ಹೇಳಿದ ಜಾಗ ಅದಾಗಿರಲಿಲ್ಲ. ಗೇಟಿನ ಪಕ್ಕ ಸರಕು ಇಳಿಸಿಕೊಳ್ಳುವ ಕಡೆ ಒಂದು ಮೇಜು. ಚೀಲಕ್ಕೆ ಚುಚ್ಚಿ ಮಾದರಿ ತೆಗೆಸಬೇಕು, ತೇವಾಂಶ ಅಳೆಯಬೇಕು, ಕಂಪ್ಯೂಟರಿಗೆ ಏರಿಸಬೇಕು, ಚೀಟಿ ಕೊಡಬೇಕು. ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರ್ ಇನ್ನೂ ನೇತಾಡುತ್ತಿತ್ತು. ಅಲ್ಲಿದ್ದ ಗುಮಾಸ್ತ ಡಿಸೆಂಬರಿನಲ್ಲಿ ಕೆಲಸ ಬಿಟ್ಟನಂತೆ. ಆ ಸ್ವೆಟರನ್ನು ನಾನೂ ನೋಡಿದ್ದೆ, ಅದರ ಅರ್ಥ ಹೊಳೆದದ್ದು ಅವಳಿಗೆ.

ಷರತ್ತು ಹೀಗಿತ್ತು: ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಏಳು, ವಾರಕ್ಕೆ ಆರು ದಿನ, ಸ್ಟೈಪೆಂಡ್ ಇಲ್ಲ, ಕೊನೆಗೊಂದು ಪ್ರಮಾಣಪತ್ರ. "ಕಲಿಯುವವರು ನಮಗೆ ಹಣ ಕೊಡಬೇಕು ಮೇಡಂ, ನಾವು ಕೇಳುತ್ತಿಲ್ಲ ಅಷ್ಟೇ" ಎಂದು ನಕ್ಕರು. ನಾನೂ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ ಅವಳ ಕಡೆ ತಿರುಗಿ, "ರಜೆ ಮಾತ್ರ ಹಾಕಬೇಡಮ್ಮ, ಸೀಸನ್ನು" ಎಂದರು.

"ಸರ್, ನಾನು ಬಾರದ ದಿನ ಲಾರಿ ನಿಲ್ಲುತ್ತದೆಯೇ?"

"ನಿಲ್ಲದೆ ಏನಮ್ಮ? ಗೇಟಿನಿಂದ ರಸ್ತೆಯವರೆಗೂ ನಿಲ್ಲುತ್ತದೆ" ಎಂದು ಅವರು ಬಹಳ ಪ್ರಾಮಾಣಿಕವಾಗಿ ಉತ್ತರಿಸಿದರು.

"ಹಾಗಾದರೆ ಅದು ಕೆಲಸ ಸರ್. ಆ ಯಂತ್ರದ ಹತ್ತಿರ ನಾನು ಬರದಿದ್ದರೆ ಏನೂ ನಿಲ್ಲುವುದಿಲ್ಲ. ಅದು ಕಲಿಕೆ."

ದನಿಯಲ್ಲಿ ಜಗಳವಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಹಿಂದಿರುಗಿಸುವವರ ದನಿ ಅದು. ವ್ಯವಸ್ಥಾಪಕರು ಕನ್ನಡಕ ತೆಗೆದು ಒರೆಸಿಕೊಂಡರು.

ಕಾನೂನು ಅವಳ ಬೆನ್ನಿಗಿರಲಿಲ್ಲ, ಅದನ್ನೂ ಹೇಳಬೇಕು. ಅಪ್ರೆಂಟಿಸ್ ಆದವರಿಗೆ 1961ರ ಕಾಯ್ದೆಯ ಆಸರೆ ಇದೆ. 2019ರ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ನಿಗದಿ ಮಾಡಿದವು, ಅದರಲ್ಲಿ ಅರ್ಧವನ್ನು ಸರ್ಕಾರ ಭರಿಸುವ ಯೋಜನೆಯೂ ಇದೆ. ಪಠ್ಯಕ್ರಮದ ಭಾಗವಾಗಿ ಇಂಟರ್ನ್‌ಶಿಪ್‌ಗೆ ಹೋಗುವ ನಮ್ಮ ಮಕ್ಕಳು ಆ ಲೆಕ್ಕಕ್ಕೆ ಬರುವುದಿಲ್ಲ. "ನಿಮಗೆ ಕೊಟ್ಟರೆ ಪೂರ್ತಿ ನನ್ನ ಜೇಬಿನಿಂದ" ಎಂದು ಅವರು ಹೇಳಿದ್ದು ನ್ಯಾಯವಾದ ಮಾತೇ. ಆದರೂ 9,000 ಎಂಬ ಅಂಕಿ ಮೇಜಿನ ಮೇಲೆ ಬಂದು ಕುಳಿತಾಗಿತ್ತು. ಸೊನ್ನೆಯ ಮಾತು ಅಲ್ಲಿಗೆ ಮುಗಿಯಿತು. ಅವರು 4,000 ಎಂದರು.

ಅವಳು ನೋಟ್‌ಬುಕ್ ತೆರೆದಳು. ಮನೆ ಆಲ್ದೂರಿನಿಂದಲೂ ಒಳಗೆ. ಏಳು ಗಂಟೆಗೆ ಬಿಟ್ಟರೆ ಊರು ಸೇರುವಂತಿಲ್ಲ, ಪೇಟೆಯಲ್ಲೇ ಪಿ.ಜಿ. ಹಿಡಿಯಬೇಕು. ಎರಡು ಹೊತ್ತಿನ ಊಟ ಸೇರಿ 5,500. ಮಧ್ಯಾಹ್ನದ ಊಟ ದಿನಕ್ಕೆ 50ರಂತೆ 26 ದಿನಕ್ಕೆ 1,300. ವಾರಕ್ಕೊಮ್ಮೆ ಊರಿಗೆ ಹೋಗಿ ಬರಲು 400. ಒಟ್ಟು 7,200. "ನಿಮಗೆ ಬಸ್ ಉಚಿತವಲ್ಲವೇ?" ಎಂದು ವ್ಯವಸ್ಥಾಪಕರು ಮಧ್ಯೆ ಬಾಯಿ ಹಾಕಿದರು. "ನಮ್ಮೂರಿಗೆ ಬರುವುದು ಖಾಸಗಿ ಬಸ್ ಸರ್" ಎಂದಳು. ಮಲೆನಾಡಿನಲ್ಲಿ ಇಪ್ಪತ್ತು ವರ್ಷ ಕಳೆದ ಮನುಷ್ಯನಿಗೆ ಅದು ನೆನಪಿರಲಿಲ್ಲ, ಕಾರಿನ ಮಹಿಮೆ.

ಕೊನೆಗೆ ಒಪ್ಪಿಗೆಯಾದದ್ದು 8,000, ಜೊತೆಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ. ಊಟ ಬಂದದ್ದರಿಂದ ಅವಳ ಖರ್ಚು 5,900ಕ್ಕೆ ಇಳಿಯಿತು. ಸಂಜೆ ಐದೂವರೆಗೆ ಬಿಡುಗಡೆ. ವಾರದಲ್ಲಿ ಎರಡು ಮಧ್ಯಾಹ್ನ ಬಣ್ಣದ ಯಂತ್ರದ ಬಳಿ. ಅವಳು ಮೂರು ಕೇಳಿದ್ದಳು. ಹೊಟ್ಟು ತೆಗೆಯುವ ವಿಭಾಗದ ಧೂಳಿಗೆ ಮುಖಗವಸು ಕೇಳಿದಾಗ, ಪೆಟ್ಟಿಗೆಗಟ್ಟಲೆ ಇದೆ, ಯಾರೂ ಹಾಕುವುದಿಲ್ಲ ಎಂದರು. ಶನಿವಾರದ ರಜೆ ಸಿಗಲಿಲ್ಲ.

ನಾನು ಬಾಯಿ ತೆರೆದದ್ದು ಎರಡೇ ವಿಷಯಕ್ಕೆ. ಒಂದು ಅಪಘಾತ. ಹಾಜರಿ ಪುಸ್ತಕದಲ್ಲಿ ಕಾರ್ಮಿಕಳೆಂದು ಹೆಸರಿಲ್ಲದ ಹುಡುಗಿ ಬೆಲ್ಟಿಗೆ ಕೈ ಕೊಟ್ಟರೆ ಆಸ್ಪತ್ರೆಯ ಬಿಲ್ಲು ಯಾರದು? ನಮ್ಮ ಕಾಲೇಜಿನ ಗುಂಪು ವಿಮೆ ಕಾರ್ಖಾನೆಯೊಳಗೂ ಅನ್ವಯಿಸಬೇಕಾದರೆ ಸ್ಥಳವೂ ದಿನಾಂಕವೂ ಪತ್ರದಲ್ಲಿ ಇರಬೇಕು ಎಂದು ಏಜೆಂಟರು ತಿಳಿಸಿದ್ದರು, ಹಾಗೆಯೇ ಬರೆಸಿದೆ. ಇನ್ನೊಂದು ಪ್ರಮಾಣಪತ್ರ. ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಈ 14ರಿಂದ 20 ವಾರಗಳಿಗೆ 10 ಕ್ರೆಡಿಟ್ ಇದೆ. ಆ ಕಾಗದ ಕೈಸೇರುವವರೆಗೆ ವಿದ್ಯಾರ್ಥಿಯ ಜುಟ್ಟು ಕಂಪನಿಯ ಕೈಯಲ್ಲಿ. ಹೋದ ವರ್ಷ ಬೇರೊಂದು ಕಡೆ ಒಬ್ಬ ಹುಡುಗನನ್ನು ಒಪ್ಪಂದ ಮುಗಿದ ಮೇಲೂ ಮೂರು ವಾರ ಹೀಗೇ ದುಡಿಸಿಕೊಂಡರು, ನಾನು ಸುಮ್ಮನಿದ್ದೆ. ಈ ಸಲ ಹದಿನೈದು ದಿನಕ್ಕೊಮ್ಮೆ ದಿನಚರಿಗೆ ಸಹಿ, ನಡುವೆ ಬಿಟ್ಟರೂ ಅಲ್ಲಿಯವರೆಗಿನ ಹಾಜರಿಗೆ ಪತ್ರ ಎಂದು ಸೇರಿಸಲು ಹೇಳಿದೆ. ವ್ಯವಸ್ಥಾಪಕರಿಗೆ ಹಣಕ್ಕಿಂತ ಇದೇ ಹೆಚ್ಚು ಇರುಸುಮುರುಸಾಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ, ಇದನ್ನೆಲ್ಲ ಎಲ್ಲಿ ಕಲಿತೆ ಎಂದು. "ಅಮ್ಮ ತೋಟಕ್ಕೆ ಹಣ್ಣು ಕುಯ್ಯಲು ಹೋಗುತ್ತಾರೆ ಮೇಡಂ. ಕೆ.ಜಿ.ಗೆ ಎಷ್ಟು ಎಂದು ಹೇಳದೆ ಅವರಲ್ಲಿ ಯಾರೂ ಚೀಲ ಕಟ್ಟಿಕೊಳ್ಳುವುದಿಲ್ಲ. ಗಿಡದಲ್ಲಿ ಹಣ್ಣು ಕಮ್ಮಿ ಇದ್ದರೆ ರೇಟು ಬೇರೆ ಕೇಳುತ್ತಾರೆ." ಕಿಟಕಿಯಾಚೆ ತೋಟಗಳು ಹೋಗುತ್ತಲೇ ಇದ್ದವು. ನಾನು ಎಂ.ಟೆಕ್. ಮಾಡಿದವಳು, ಈ ಕೆಲಸಕ್ಕೆ ಸೇರುವಾಗ ಸಂಬಳ ಎಷ್ಟೆಂದು ಕೇಳಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದು ಮನೆಯಲ್ಲಿ ಹೇಳಿಕೊಟ್ಟಿದ್ದರು. ಮೊದಲ ತಿಂಗಳ ಲಕೋಟೆ ಒಡೆದಾಗಲೇ ತಿಳಿದದ್ದು. ಅದೇ ಮರ್ಯಾದೆಯನ್ನು ಹನ್ನೊಂದು ವರ್ಷದಿಂದ ಮಕ್ಕಳಿಗೂ ಹಂಚಿದ್ದೇನೆ, "ಮೊದಲು ಕಲಿಯಿರಿ, ಹಣ ತಾನಾಗಿ ಬರುತ್ತದೆ" ಎಂದು.

ನಮ್ಮ ಪ್ರಾಂಶುಪಾಲರಿಗೆ ಸುದ್ದಿ ತಲುಪಿದೆ. "ಹೀಗೆ ಚೌಕಾಸಿ ಮಾಡಿದರೆ ಮುಂದಿನ ವರ್ಷ ಯಾರು ಕರೆಯುತ್ತಾರೆ?" ಎಂದರು. ಅವರ ಭಯ ಸುಳ್ಳಲ್ಲ. ಈ ಊರಿನಲ್ಲಿ ಕಂಪನಿಗಳೆಷ್ಟಿವೆ ಎಂದು ಬೆರಳಲ್ಲಿ ಎಣಿಸಬಹುದು. ಆದರೂ ಸ್ವೆಟರಿನ ಕಥೆ ಹೇಳಿದೆ. ಅವರಿಗೆ ಅದು ಮುಖ್ಯ ಅನ್ನಿಸಲಿಲ್ಲ.

ಇವತ್ತು ಬೆಳಿಗ್ಗೆ ಕಾರ್ಖಾನೆಯಿಂದ ಪತ್ರ ಬಂದಿದೆ. 8,000 ಇದೆ, ಊಟ ಇದೆ, ದಿನಾಂಕ ಇದೆ, ದಿನಚರಿಯ ಸಾಲೂ ಇದೆ. ಕೆಲಸದ ಅವಧಿ ಎಂಬಲ್ಲಿ ಮಾತ್ರ "ಸಂಸ್ಥೆಯ ನಿಯಮದಂತೆ" ಎಂದಿದೆ. ನಾನು ನೋಡುವಷ್ಟರಲ್ಲಿ ಹುಡುಗಿ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ 5.30 ಎಂದು ಬರೆದು, ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾಳೆ. ಮಧ್ಯಾಹ್ನ ಫೋನ್ ಮಾಡಬೇಕಾದವಳು ನಾನು.