ಅಣ್ಣನ ಬಾಯಲ್ಲಿ ಉಳಿದ ಮೂರೂವರೆ ಮಿಲಿಮೀಟರ್

ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಅವತ್ತು ಕೋಲಾರದ ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ತಂದೆ, ತಾಯಿ, ಅಣ್ಣ, ತಂಗಿ ಬಂದದ್ದು ತಂಗಿಯ ಹಲ್ಲಿಗಾಗಿ. ಅವಳಿಗೆ ಏಳು ವರ್ಷ. ಕೆಳಗಡೆ ಎಡಭಾಗದಲ್ಲಿ, ಮುಂದಿನಿಂದ ಎಣಿಸಿದರೆ ಐದನೆಯದಾದ ಹಾಲು ದವಡೆ ಹಲ್ಲನ್ನು ಹಿಂದಿನ ವಾರವೇ ಕಿತ್ತಾಗಿತ್ತು. ಹುಳುಕಿನ ಸೋಂಕು ಎರಡು ಬೇರುಗಳ ನಡುವಿನ ಮೂಳೆಯವರೆಗೂ ಇಳಿದಿದ್ದರಿಂದ ಬೇರಿನ ಚಿಕಿತ್ಸೆ ಮಾಡಿ ಉಳಿಸುವ ಹಾಗಿರಲಿಲ್ಲ. ಉಳಿಸಲು ಸಾಧ್ಯವಿದ್ದರೆ ಹಾಲು ಹಲ್ಲಿಗಿಂತ ಒಳ್ಳೆಯ ಜಾಗ ಕಾಯುವ ಸಾಧನ ಇನ್ನೊಂದಿಲ್ಲ. ಕಿತ್ತ ಮೇಲೆ ಅಲ್ಲೊಂದು ತಂತಿ ಕೂರಿಸಬೇಕು ಅಂದಾಗ ತಾಯಿ ಕೇಳಿದ್ದು ಎಲ್ಲರೂ ಕೇಳುವುದನ್ನೇ: "ಹೆಂಗೂ ಬಿದ್ದೋಗೋ ಹಲ್ಲಲ್ವಾ ಮೇಡಂ, ಹೊಸದು ತಾನಾಗೇ ಬರಲ್ವಾ?"

ಉತ್ತರ ಪಕ್ಕದ ಬೆಂಚಿನ ಮೇಲೇ ಕೂತಿತ್ತು. ಜೊತೆಗೆ ಸುಮ್ಮನೆ ಬಂದಿದ್ದ ಅಣ್ಣನಿಗೆ ಹನ್ನೊಂದೂವರೆ. ಅವನಿಗೂ ಆರೂವರೆ ವರ್ಷದವನಿದ್ದಾಗ ಬೇರೆ ಡಾಕ್ಟರ ಹತ್ತಿರ ಇದೇ ಹಲ್ಲು, ಇದೇ ಎಡಭಾಗದಲ್ಲೇ ಕೀಳಿಸಿದ್ದರಂತೆ. ಆಮೇಲೆ ಏನೂ ಹಾಕಿರಲಿಲ್ಲ. ಬಾಯಿ ತೆರೆಸಿ ನೋಡಿದರೆ ಬಲಗಡೆ ಐದನೆಯ ಹಾಲು ಹಲ್ಲು ಇನ್ನೂ ಗಟ್ಟಿಯಾಗಿ ಕೂತಿದೆ, ಅಗಲ ಹತ್ತಿರ ಹತ್ತಿರ 10 ಮಿ.ಮೀ. ಎಡಗಡೆ ಅದೇ ಜಾಗದಲ್ಲಿ ಡಿವೈಡರ್‌ನ ಎರಡು ಮೊನೆ ಇಟ್ಟು ಸ್ಕೇಲಿನ ಮೇಲೆ ಓದಿದರೆ 3.5 ಮಿ.ಮೀ.

ಅಲ್ಲಿ ಬರಬೇಕಾದ ಹೊಸ ಹಲ್ಲು ಎಷ್ಟು ಅಗಲ ಅಂತ ಗೊತ್ತಾಗದೆ ಈ ಮೂರೂವರೆಗೆ ಅರ್ಥವಿಲ್ಲ. ಎಕ್ಸ್-ರೇಯಲ್ಲಿ ನೇರವಾಗಿ ಅಳೆದರೆ ಮೋಸ ಹೋಗುತ್ತೇವೆ, ಏಕೆಂದರೆ ಫಿಲ್ಮಿನಲ್ಲಿ ಹಲ್ಲು ಸ್ವಲ್ಪ ದೊಡ್ಡದಾಗಿ ಬೀಳುತ್ತದೆ. ಹಾಗಾಗಿ ಪಕ್ಕದಲ್ಲಿ ಆಗಲೇ ಹುಟ್ಟಿರುವ ನಾಲ್ಕನೆಯ ಹಲ್ಲನ್ನು ಮೊದಲು ಬಾಯಲ್ಲಿ ಅಳೆಯುವುದು. 7 ಮಿ.ಮೀ. ಬಂತು. ಅದೇ ಹಲ್ಲು ಫಿಲ್ಮಿನಲ್ಲಿ 7.7. ಒಳಗೆ ಸಿಕ್ಕಿಕೊಂಡಿರುವ ಐದನೆಯದೂ ಫಿಲ್ಮಿನಲ್ಲಿ 7.7 ಇತ್ತು. ಅಂದರೆ ಅದೂ ನಿಜದಲ್ಲಿ ಏಳರ ಸುತ್ತಮುತ್ತ. ಏಳು ಬೇಕಾದ ಕಡೆ ಮೂರೂವರೆ ಉಳಿದಿದೆ. ಹಲ್ಲಿನ ಬೇರು ಮುಕ್ಕಾಲು ಪಾಲು ಬೆಳೆದಿದೆ, ಹೊರಗೆ ಬರಲು ಅದು ತಯಾರು, ಬಾಗಿಲು ಅರ್ಧ ಮುಚ್ಚಿದೆ. ನಾಲಿಗೆ ಕಡೆಯ ವಸಡನ್ನು ಬೆರಳಿನಿಂದ ಮುಟ್ಟಿದರೆ ಗಟ್ಟಿ ಉಬ್ಬು ಸಿಗುತ್ತಿತ್ತು. ಜಾಗ ಸಿಗದ ಕೆಳಗಿನ ಐದನೆಯ ಹಲ್ಲು ಹೀಗೆ ನಾಲಿಗೆ ಕಡೆಗೆ ವಾಲಿ ಹುಟ್ಟುತ್ತದೆ, ಇಲ್ಲವೇ ಒಳಗೇ ಉಳಿದುಬಿಡುತ್ತದೆ.

ಜಾಗ ತಿಂದವರು ಯಾರು ಅಂದರೆ ಹಿಂದಿರುವ ಆರನೆಯ ಹಲ್ಲು. ಆರು ವರ್ಷದ ಹೊತ್ತಿಗೆ ಯಾವ ಹಾಲು ಹಲ್ಲೂ ಬೀಳದೆ, ಎಲ್ಲದರ ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ದವಡೆ ಹಲ್ಲು ಅದು. ಏನೂ ಬೀಳದೆ ಬಂದದ್ದರಿಂದ ಎಷ್ಟೋ ಮನೆಗಳಲ್ಲಿ ಇದನ್ನೂ ಹಾಲು ಹಲ್ಲು ಅಂದುಕೊಂಡಿರುತ್ತಾರೆ. ಅದಕ್ಕೆ ಮುಂದಕ್ಕೆ ಸರಿಯುವ ಸ್ವಭಾವ, ತಡೆದು ನಿಲ್ಲಿಸುವುದು ಐದನೆಯ ಹಾಲು ಹಲ್ಲಿನ ಬೆನ್ನು. ಆ ಬೆನ್ನು ಹೋದರೆ ಕೆಳಗಿನ ಆರನೆಯದು ಮುಂದಕ್ಕೂ ಸ್ವಲ್ಪ ನಾಲಿಗೆ ಕಡೆಗೂ ಬಾಗುತ್ತದೆ. ಮೇಲಿನದಾದರೆ ಅಂಗುಳಿನ ಕಡೆಯ ಬೇರನ್ನೇ ಗೂಟ ಮಾಡಿಕೊಂಡು ತಿರುಗುತ್ತಾ ಮುಂದೆ ಬರುತ್ತದೆ. ಮೇಲಿನದು ಇನ್ನೂ ಬೇಗ ಜಾಗ ನುಂಗುತ್ತದೆ. ಎರಡರಲ್ಲೂ ಹೆಚ್ಚು ನಷ್ಟ ಆಗುವುದು ಕಿತ್ತ ಮೊದಲ ಆರು ತಿಂಗಳಲ್ಲಿ. ಆದ್ದರಿಂದ "ಬೇಸಿಗೆ ರಜೆಯಲ್ಲಿ ನೋಡೋಣ" ಅನ್ನುವುದು ಈ ವಿಷಯದಲ್ಲಿ ದುಬಾರಿ.

ಹುಡುಗನ ಕಚ್ಚುವಿಕೆಯಲ್ಲಿ ಆದ ಬದಲಾವಣೆ ಒಂದೇ ಹಲ್ಲಿಗೆ ನಿಂತಿರಲಿಲ್ಲ. ಕೆಳಗಿನ ಆರನೆಯದು ಮುಂದಕ್ಕೆ ಬಾಗಿ ಅದರ ಹಿಂಬದಿಯ ತುದಿ ಎದ್ದಿದೆ, ಮುಂಬದಿ ತಗ್ಗಿದೆ. ಎದುರಿಗೆ ಏನೂ ಸಿಗದ ಮೇಲಿನ ಹಲ್ಲು ಖಾಲಿ ಜಾಗದ ಕಡೆಗೆ ಸ್ವಲ್ಪ ಇಳಿದಿದೆ. ಬಾಗಿದ ಹಲ್ಲಿಗೂ ನಾಲ್ಕನೆಯದಕ್ಕೂ ನಡುವೆ ಒಂದು ಸಂದು, ಅದರಲ್ಲಿ ಬೆಳಗಿನ ತಿಂಡಿಯ ಕಡಲೆಬೀಜದ ಚೂರು ಇನ್ನೂ ಇತ್ತು. ಇಂಥ ಸಂದಿನಿಂದಲೇ ಆರನೆಯ ಹಲ್ಲಿನ ಮುಂಬದಿ ಹುಳುಕು ಹಿಡಿಯಲು ಶುರುವಾಗುತ್ತದೆ. ನೋವಿದೆಯಾ ಅಂದರೆ ಇಲ್ಲ ಅಂದ. ನೋವಿಲ್ಲದ್ದಕ್ಕೇ ಐದು ವರ್ಷ ಯಾರೂ ಅತ್ತ ನೋಡಿರಲಿಲ್ಲ. ರಾಗಿಮುದ್ದೆ ಅಗಿಯುವ ಪದಾರ್ಥವೂ ಅಲ್ಲವಲ್ಲ.

ತಂಗಿಯ ವಿಷಯಕ್ಕೆ ಬಂದರೆ, ಅವಳ ಎಕ್ಸ್-ರೇಯಲ್ಲಿ ಹೊಸ ಐದನೆಯ ಹಲ್ಲಿನ ತಲೆ ಮಾತ್ರ ತಯಾರಾಗಿದೆ, ಬೇರು ಶುರುವಾಗುವುದರಲ್ಲಿದೆ. ಸಾಮಾನ್ಯವಾಗಿ ಬೇರು ಅರ್ಧಕ್ಕಿಂತ ಹೆಚ್ಚು ಬೆಳೆದ ಮೇಲೇ ಹಲ್ಲು ವಸಡು ಸೀಳಿ ಬರುವುದು. ಹನ್ನೊಂದು ಹನ್ನೆರಡರ ಹೊತ್ತಿಗೆ ಬರಬೇಕಾದದ್ದು, ಅಂದರೆ ನಾಲ್ಕು ವರ್ಷ ಜಾಗ ಕಾಯಬೇಕು. ಆರನೆಯ ಹಲ್ಲು ಪೂರ್ತಿ ಹೊರಬಂದಿದ್ದರಿಂದ ಅದಕ್ಕೇ ಬ್ಯಾಂಡ್ ಹಾಕಿ, ಮುಂದಕ್ಕೆ ಚಾಚಿದ ತಂತಿಯ ಲೂಪ್ ನಾಲ್ಕನೆಯ ಹಾಲು ಹಲ್ಲಿಗೆ ತಾಗಿ ನಿಲ್ಲುವ ಹಾಗೆ ಮಾಡುವುದು ಅಂತ ತೀರ್ಮಾನವಾಯಿತು. ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕು ಅಂದದ್ದರಿಂದ ಎಲ್ಲ ಕೆಲಸ ಅವತ್ತೇ.

ಬ್ಯಾಂಡ್ ಅಂದರೆ ತೆಳು ಸ್ಟೀಲಿನ ಉಂಗುರ, ಅಳತೆವಾರು ಡಬ್ಬಿಯಲ್ಲಿ ಬರುತ್ತದೆ. ಪಕ್ಕದ ಹಲ್ಲು ಇದ್ದಾಗ ಎರಡರ ನಡುವೆ ರಬ್ಬರ್ ಉಂಗುರ ಸಿಕ್ಕಿಸಿ ಕೆಲವು ದಿನ ಬಿಟ್ಟು ಸಂದು ಮಾಡಿಕೊಳ್ಳಬೇಕಾಗುತ್ತದೆ. ಇಲ್ಲಿ ಮುಂದಿನದು ಕಿತ್ತಾಗಿದೆ, ಹಿಂದಿನದು ಹುಟ್ಟೇ ಇಲ್ಲ, ಆ ಕೆಲಸ ತಪ್ಪಿತು. ಬೆರಳಿನಿಂದ ಅರ್ಧ ಇಳಿಯಬೇಕು, ಉಳಿದರ್ಧಕ್ಕೆ ಒತ್ತಡ ಬೇಕು. ಅದು ಸರಿಯಾದ ಅಳತೆ. ಪೂರ್ತಿ ಸಲೀಸಾಗಿ ಇಳಿದರೆ ದೊಡ್ಡದು, ಆಮೇಲೆ ಸಿಮೆಂಟ್ ಎಷ್ಟು ಒಳ್ಳೆಯದಿದ್ದರೂ ನಿಲ್ಲುವುದಿಲ್ಲ. ಕೊನೆಯ ಒತ್ತಡವನ್ನು ಮಗುವಿನ ಕಚ್ಚುವ ಬಲದಿಂದಲೇ ಪಡೆಯುತ್ತೇವೆ: ಬ್ಯಾಂಡಿನ ಕೆನ್ನೆ ಕಡೆಯ ಅಂಚಿನ ಮೇಲೆ ಕಡ್ಡಿ ಇಟ್ಟು "ಪುಟ್ಟಿ, ಜೋರಾಗಿ ಕಚ್ಚು" ಅನ್ನುವುದು. ಬ್ಯಾಂಡಿನ ಮೇಲಂಚು ಹಲ್ಲಿನ ಮೇಲ್ಭಾಗದ ಅಂಚಿಗಿಂತ ಒಂದು ಮಿಲಿಮೀಟರ್ ಕೆಳಗೆ ನಿಂತರೆ ಸರಿ.

ಬ್ಯಾಂಡ್ ಹಲ್ಲಿನ ಮೇಲಿರುವಾಗಲೇ ಆಲ್ಜಿನೇಟ್ ಅನ್ನುವ ಅಚ್ಚು ತೆಗೆಯುವ ಮೆತ್ತನೆಯ ಪದಾರ್ಥದಲ್ಲಿ ಅಳತೆ ತೆಗೆದು, ಬ್ಯಾಂಡನ್ನು ಬಿಚ್ಚಿ, ಅಚ್ಚಿನೊಳಗೆ ಅದರ ಗುರುತಿಗೇ ಕೂರಿಸಬೇಕು. ಇಡೀ ದಿನದ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಸ್ಟೋನ್ ಅನ್ನುವ ಗಟ್ಟಿ ಜಿಪ್ಸಮ್ ಕಲಸಿ ಸುರಿದು ಅಚ್ಚನ್ನು ತಟ್ಟುವಾಗ ಬ್ಯಾಂಡ್ ಕೂದಲೆಳೆಯಷ್ಟು ಸರಿದರೂ ಮಾಡೆಲ್ ಮೇಲೆ ಎಲ್ಲ ಚೆನ್ನಾಗಿ ಕಾಣುತ್ತದೆ, ಬಾಯಲ್ಲಿ ಕೂರುವುದಿಲ್ಲ. ಹಾಗಾಗಿ ಬ್ಯಾಂಡನ್ನು ಮೇಣದಿಂದ ಅಂಟಿಸಿಯೇ ಸುರಿಯುವುದು.

ಮಾಡೆಲ್ ಗಟ್ಟಿಯಾಗಲು ಮುಕ್ಕಾಲು ಗಂಟೆ. ಆಮೇಲೆ 0.9 ಮಿ.ಮೀ. ಸ್ಟೀಲ್ ತಂತಿಯ ಲೂಪ್. ಅದರ ಅಗಲ, ಕೆನ್ನೆಯಿಂದ ನಾಲಿಗೆ ಕಡೆಗೆ, 8 ಮಿ.ಮೀ. ಇಟ್ಟೆವು. ಹೊಸ ಹಲ್ಲು ಹುಟ್ಟಿದರೆ ಈ ಚೌಕಟ್ಟಿನ ನಡುವಿನಿಂದಲೇ ಏಳಬೇಕು, ಕಿರಿದಾದರೆ ತಂತಿಯೇ ಅಡ್ಡ. ವಸಡಿನಿಂದ ಒಂದು ಮಿಲಿಮೀಟರ್ ಮೇಲೆ ನಿಲ್ಲಬೇಕು. ಅಂಟಿದರೆ ವಸಡಿನೊಳಗೆ ಹೂತುಹೋಗುತ್ತದೆ, ಜಾಸ್ತಿ ಎತ್ತರವಾದರೆ ಊಟ ಮಾಡುವಾಗ ಬಗ್ಗುತ್ತದೆ. ಬೆಸುಗೆ ಬೆಳ್ಳಿಯ ಸೋಲ್ಡರ್‌ನಲ್ಲಿ. ಸೋಲ್ಡರ್ ಹರಿದ ಕೂಡಲೇ ಉರಿ ತೆಗೆಯಬೇಕು. ಇನ್ನೊಂದು ಕ್ಷಣ ಹಿಡಿದರೆ ತಂತಿ ಕಾದು ತನ್ನ ಬಿಗಿ ಕಳೆದುಕೊಳ್ಳುತ್ತದೆ, ಎರಡು ತಿಂಗಳಲ್ಲಿ ಲೂಪ್ ಕೆಳಗೆ ಬಾಗಿ ಬರುತ್ತದೆ. ಆರಿದ ಮೇಲೆ ಇಕ್ಕುಳದಲ್ಲಿ ಎಳೆದು ನೋಡುವುದು ಕಡ್ಡಾಯ. ಬೆಸುಗೆ ಬಿಡುವುದಾದರೆ ಮಗುವಿನ ಬಾಯಲ್ಲಿ ಬಿಡದೆ ಮೇಜಿನ ಮೇಲೇ ಬಿಡಲಿ.

ಗ್ಲಾಸ್ ಅಯಾನೋಮರ್ ಸಿಮೆಂಟ್ ಹಾಕಿ ಕೂರಿಸುವಾಗ ಹಲ್ಲು ಒಣಗಿರಬೇಕು. ಏಳು ವರ್ಷದವರ ಆರನೆಯ ಹಲ್ಲಿನ ಹಿಂಬದಿಗೆ ಇನ್ನೂ ವಸಡಿನ ಸೆರಗು ಇರುತ್ತದೆ, ಅದರಡಿಯಿಂದ ಎಂಜಲು ಒಸರುತ್ತಲೇ ಇರುತ್ತದೆ. ಮೊದಲ ಸಲ ಒದ್ದೆಯಾಯಿತು. ಸಿಮೆಂಟ್ ಒರೆಸಿ, ಹತ್ತಿ ಬದಲಾಯಿಸಿ, ಎರಡನೆಯ ಸಲ ಕೂರಿಸಬೇಕಾಯಿತು. ಒದ್ದೆಯಲ್ಲೇ ಕೂರಿಸಿದ್ದರೆ ಬ್ಯಾಂಡ್ ನಿಲ್ಲುತ್ತಿತ್ತು, ಒಳಗೆ ಸಿಮೆಂಟ್ ಕರಗಿ ಕಾಣದ ಹಾಗೆ ಹಲ್ಲು ಹುಳುಕುತ್ತಿತ್ತು. ಬಿದ್ದುಹೋಗುವ ಬ್ಯಾಂಡಿಗಿಂತ ಸಡಿಲವಾಗಿಯೂ ಬೀಳದೆ ಇರುವ ಬ್ಯಾಂಡ್ ಅಪಾಯ.

ತಾಯಿಗೆ ಒಂದು ವಿಷಯ ಬಿಡಿಸಿ ಹೇಳಬೇಕಿತ್ತು: ಈ ಲೂಪ್ ನಾಲ್ಕೂ ವರ್ಷಕ್ಕೆ ಆಗುವುದಿಲ್ಲ. ಲೂಪ್ ಒರಗಿರುವುದು ನಾಲ್ಕನೆಯ ಹಾಲು ಹಲ್ಲಿಗೆ, ಅದು ಹತ್ತರ ಸುಮಾರಿಗೆ ಬೀಳುತ್ತದೆ. ಐದನೆಯದು ಬರುವುದು ಅದಾದ ಮೇಲೆ. ನಡುವೆ ಲೂಪಿಗೆ ಆಸರೆ ತಪ್ಪುತ್ತದೆ. ಅಷ್ಟರೊಳಗೆ ಇದನ್ನು ತೆಗೆದು, ಎರಡೂ ಕಡೆಯ ಆರನೆಯ ಹಲ್ಲುಗಳಿಗೆ ಬ್ಯಾಂಡ್ ಹಾಕಿ ನಾಲಿಗೆ ಬದಿಯಲ್ಲಿ ಮುಂದಿನ ಹಲ್ಲುಗಳಿಗೆ ತಾಗುವ ಕಮಾನು ತಂತಿ ಹಾಕಬೇಕು. ಈಗಲೇ ಹಾಕಿಬಿಡಿ ಅಂದರೆ ಆಗದು. ಕೆಳಗಿನ ನಾಲ್ಕು ಮುಂದಿನ ಹಲ್ಲುಗಳಲ್ಲಿ ಎರಡಿನ್ನೂ ಹುಟ್ಟಿಲ್ಲ. ಅವು ನಾಲಿಗೆ ಬದಿಯಿಂದಲೇ ಏಳುವಂಥವು, ಕಮಾನು ಅವಕ್ಕೆ ಅಡ್ಡವಾಗುತ್ತದೆ.

ಅಣ್ಣನನ್ನು ಹಲ್ಲು ಸರಿಪಡಿಸುವ ತಜ್ಞರ ಹತ್ತಿರ ಕಳಿಸಿದೆವು. ಬಾಗಿದ ಹಲ್ಲನ್ನು ನೆಟ್ಟಗೆ ನಿಲ್ಲಿಸಬಹುದು, ಸ್ಪ್ರಿಂಗ್ ಹಾಕಿ ಹಿಂದಕ್ಕೆ ತಳ್ಳಬಹುದು. ಆದರೆ ಮರಳಿ ಪಡೆಯಬೇಕಾದ ಮೂರೂವರೆ ಮಿಲಿಮೀಟರ್ ಅನ್ನುವುದು ಸರಳ ಸಾಧನದ ಕೈಮೀರುವ ಅಂಚು, ಹಲ್ಲುಗಳಿಗೆಲ್ಲ ತಂತಿ ಕಟ್ಟಿಯೇ ಮಾಡಬೇಕಾಗಬಹುದು. ಹನ್ನೆರಡಕ್ಕೆ ಏಳನೆಯ ದವಡೆ ಹಲ್ಲು ಹಿಂದೆ ಬಂದು ಒತ್ತಿ ನಿಂತರೆ ತಳ್ಳುವುದು ಇನ್ನೂ ಕಷ್ಟ. ಅವನಿಗೆ ಉಳಿದಿರುವುದು ಆರು ತಿಂಗಳು.

ತಂಗಿಯನ್ನು ಮೂರು ತಿಂಗಳಿಗೆ ತೋರಿಸಿ ಅಂದೆವು. ತಂದೆ ಲೆಕ್ಕ ಹಾಕಿ, "ಅದು ಜೂನ್ ಆಗ್ತದೆ ಮೇಡಂ, ಮಾವಿನಕಾಯಿ ಮಂಡಿ ಬಿಟ್ಟು ಬರಕ್ಕಾಗಲ್ಲ" ಅಂದರು. ಕಾಯಿ ಇಳಿಸುವುದು ಜೋರಾಗುವ ಮೊದಲು, ಮೇ ಎರಡನೆಯ ವಾರಕ್ಕೆ ಬರೆದುಕೊಟ್ಟೆವು. ಕಡಲೆಮಿಠಾಯಿ, ಚೂಯಿಂಗ್ ಗಮ್ ಬೇಡ, ಅಂಟಿ ಎಳೆದರೆ ಬ್ಯಾಂಡ್ ಮೇಲೇಳುತ್ತದೆ. ಲೂಪ್ ಅಲ್ಲಾಡಿದರೆ, ವಸಡಿಗೆ ಚುಚ್ಚಿದರೆ, ಆ ಕಡೆಯಿಂದ ವಾಸನೆ ಬಂದರೆ ತಾರೀಕು ಕಾಯಬೇಡಿ. ಕಿತ್ತು ಬಂದರೆ ಬಗ್ಗಿಸಿ ಕೂರಿಸಲು ಹೋಗದೆ, ಕಾಗದದಲ್ಲಿ ಸುತ್ತಿ ಅದೇ ವಾರ ತನ್ನಿ. ಅಷ್ಟರಲ್ಲಿ ಮೂರೂಮುಕ್ಕಾಲು ಆಗಿತ್ತು. ಹುಡುಗಿ ನಾಲಿಗೆಯ ತುದಿಯಿಂದ ತಂತಿಯನ್ನು ಮುಟ್ಟಿ ಮುಟ್ಟಿ ನೋಡುತ್ತಲೇ ಮೆಟ್ಟಿಲಿಳಿದಳು.