ಗಾಣ ಹೋಗಿ gaana ಆದ ಕಥೆ

ಗದಗ ಕಡೆಯ ಒಬ್ಬರು ಮರದ ಗಾಣ ಹಾಕಿ ಕುಸುಬಿ, ಶೇಂಗಾ ಎಣ್ಣೆ ತೆಗೆಯುತ್ತಾರೆ. ಊರೊಳಗಿನ ವ್ಯಾಪಾರ ಚೆನ್ನಾಗಿತ್ತು. ಹುಬ್ಬಳ್ಳಿ, ಬೆಂಗಳೂರಿಗೂ ಪಾರ್ಸೆಲ್ ಕಳಿಸಬೇಕೆಂಬ ಆಸೆ ಹುಟ್ಟಿ, ವೆಬ್‌ಸೈಟ್ ಮಾಡಿಕೊಡುವ ನನ್ನ ಬಳಿ ಬಂದರು. ಹೆಸರನ್ನು ಅವರೇ ತೀರ್ಮಾನಿಸಿಕೊಂಡು ಬಂದಿದ್ದರು. "ಬ್ಯಾರೆ ಏನ್ ಬ್ಯಾಡ್ರಿ ಸರ, ಗಾಣ ಅಂತ ಇಡ್ರಿ. ಎರಡ ಅಕ್ಷರ, ಎಲ್ಲಾರಿಗೂ ಗೊತ್ತು."

ಕನ್ನಡದಲ್ಲಿ ಎರಡೇ ಅಕ್ಷರ, ನಿಜ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು gaana. gaana.com ಅಂದರೆ ದೇಶಕ್ಕೆಲ್ಲ ಗೊತ್ತಿರುವ ಹಾಡಿನ ತಾಣ. ನಮ್ಮ 'ಣ' ಅಲ್ಲಿ 'ನ' ಆಗಿಬಿಡುತ್ತದೆ, ಎಣ್ಣೆ ಹಿಂಡುವ ಗಾಣ ಹಿಂದಿಯ ಹಾಡಾಗಿಬಿಡುತ್ತದೆ. ".com ಇಲ್ಲದಿದ್ರ ಏನಾತ್ರೀ, ಕೊನಿಗೆ .shop ಹಚ್ಚೋಣ" ಅಂದರು. ಹೆಸರಿನ ಒಡೆಯ ಚಿಕ್ಕವನಾಗಿದ್ದರೆ ಆ ಉಪಾಯ ಕೆಲವೊಮ್ಮೆ ನಡೆಯುತ್ತದೆ. ಇಷ್ಟು ದೊಡ್ಡ ಹೆಸರಿನ ಪಕ್ಕ ನಿಂತರೆ ಹುಡುಕಿದವರಿಗೆಲ್ಲ ಹಾಡೇ ಸಿಗುತ್ತದೆ, ನಮ್ಮ ಎಣ್ಣೆ ಕಾಣುವುದೇ ಇಲ್ಲ. ಟ್ರೇಡ್‌ಮಾರ್ಕ್ ತಕರಾರು ಬಂದರೆ "ನಮ್ಮದು ಬೇರೆ ಧಂದೆ" ಎಂದು ವಾದಿಸಬಹುದು, ಆದರೆ ಆ ವಾದಕ್ಕೆ ವಕೀಲರ ಫೀಸು ಕಟ್ಟುವವರು ಯಾರು?

ಎರಡನೆಯ ಸುತ್ತಿನಲ್ಲಿ ನಾವು ಗಾಣದ ಹಿಂದೆ ಒಂದು ಪದ ಸೇರಿಸಿ ನೋಡಿದೆವು. ಎತ್ತಿನ ಗಾಣ, ಮರದ ಗಾಣ. ಎತ್ತಿನ ಗಾಣವನ್ನು ನಾನೇ ತೆಗೆದುಹಾಕಿದೆ. ಅವರ ಗಾಣ ತಿರುಗುವುದು ಮೋಟಾರಿನಿಂದ, ಎತ್ತಿನಿಂದ ಅಲ್ಲ. ಉಳಿದದ್ದು ಮರದ ಗಾಣ. ಕೊಳ್ಳುವ ಮೊದಲು ನಾನು ಯಾವಾಗಲೂ ಮಾಡುವ ಒಂದು ಪರೀಕ್ಷೆ ಇದೆ. ಈ ಕೆಲಸದ ವಿಷಯವೇ ಗೊತ್ತಿಲ್ಲದ ಐದಾರು ಜನರಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಬಾಯಲ್ಲಿ ಹೇಳಿ, "ಇದನ್ನ ಇಂಗ್ಲಿಷಿನಲ್ಲಿ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ" ಅನ್ನುವುದು. ಸ್ಪೆಲಿಂಗ್ ಹೇಳಿಕೊಡುವಂತಿಲ್ಲ. ಆರು ಜನರಿಂದ ಬಂದದ್ದು ಇಷ್ಟು:

```
maradagana
maradagaana
maradhagana
maradagana
maradhagaana
marada gaana
```

ತಪ್ಪು ಅವರದಲ್ಲ. ದ ಅಕ್ಷರಕ್ಕೆ ಕೆಲವರು d ಬರೆಯುತ್ತಾರೆ, ಕೆಲವರು dh. ದೀರ್ಘ ಬಂದಾಗ ಒಬ್ಬರು a ಒಂದು ಹಾಕುತ್ತಾರೆ, ಇನ್ನೊಬ್ಬರು ಎರಡು. ಎ, ಒ ದಿಂದ ಶುರುವಾಗುವ ಪದಗಳ ಪಾಡು ಇನ್ನೂ ಕಷ್ಟ: ಎಳ್ಳು ಕೆಲವರಿಗೆ ellu, ಕೆಲವರಿಗೆ yellu. ಕುಸುಬೆ ಬಹಳ ಚೆಂದದ ಪದ, ಆದರೆ ಈ ಕಡೆ ಬಾಯಲ್ಲಿ ಅದು ಕುಸುಬಿ. ಹಿಂಡಿ ಎಂಬ ಹೆಸರನ್ನು ನಗುತ್ತಲೇ ಕೈಬಿಟ್ಟೆವು, ಇಂಗ್ಲಿಷಿನಲ್ಲಿ ಬರೆದರೆ ಅದು ಒಂದು ಭಾಷೆ!

ಹಾಗಾಗಿ ಮೂರನೆಯ ಸುತ್ತಿನಲ್ಲಿ ಅರ್ಥಕ್ಕಿಂತ ಮೊದಲು ಅಕ್ಷರ ನೋಡಿದೆವು. ದೀರ್ಘ ಬೇಡ, ಒತ್ತಕ್ಷರ ಬೇಡ, ಣ-ಳ-ದ-ತ ಬೇಡ, ಎ-ಒ ಮೊದಲಲ್ಲಿ ಬೇಡ. ಆ ಜರಡಿ ಹಿಡಿದಾಗ ಉಳಿಯುವ ಕನ್ನಡ ಪದಗಳು ಬಹಳವಿಲ್ಲ. ಕೊನೆಗೆ ಒಪ್ಪಿದ ಹೆಸರನ್ನು ಇಲ್ಲಿ ಬದಲಿಸಿ, ಅದೇ ಗುಣದ 'ಮರಹನಿ' ಎಂದಿಟ್ಟುಕೊಳ್ಳುತ್ತೇನೆ. ಆರೂ ಜನ ಒಂದೇ ಥರ marahani ಎಂದೇ ಕಳಿಸಿದರು.

ಆ ಖುಷಿಯಲ್ಲಿ ನಾನು ಎಡವಿದೆ. .com ಯಾರೋ ಹಿಡಿದಿಟ್ಟು ಮಾರಾಟಕ್ಕೆ ಬೋರ್ಡ್ ಹಾಕಿದ್ದರು, .in ಖಾಲಿ ಇತ್ತು. ಇನ್‌ಸ್ಟಾಗ್ರಾಂನಲ್ಲಿ ಆ ಹೆಸರಿನ ವಿಳಾಸ ತೆರೆದರೆ ಪುಟ ಲಭ್ಯವಿಲ್ಲ ಅಂತ ಬಂತು. ಹೆಸರು ಖಾಲಿ ಇದೆ ಅಂದುಕೊಂಡು ತಕ್ಷಣ marahani.in ಕೊಂಡುಬಿಟ್ಟೆ. ಸಂಜೆ ಖಾತೆ ತೆರೆಯಲು ಹೋದರೆ, ಈ ಯೂಸರ್‌ನೇಮ್ ಸಿಗುವುದಿಲ್ಲ ಎಂಬ ಉತ್ತರ. ಪುಟ ಕಾಣದಿರುವುದಕ್ಕೂ ಹೆಸರು ಖಾಲಿ ಇರುವುದಕ್ಕೂ ಸಂಬಂಧವಿಲ್ಲ. ಯಾರೋ ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿರಬಹುದು, ಅಥವಾ ಕಂಪನಿಯೇ ಅದನ್ನು ಮುಚ್ಚಿಸಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹೆಸರು ಸಿಗುತ್ತದೋ ಇಲ್ಲವೋ ಎಂದು ಖಚಿತವಾಗುವುದು ಖಾತೆ ತೆರೆಯುವ ಪರದೆಯಲ್ಲಿ ಟೈಪ್ ಮಾಡಿದಾಗಲೇ. ಒಂದೇ ಸಲಕ್ಕೆ ಎಲ್ಲ ಕಡೆ ಹುಡುಕಿಕೊಡುವ ತಾಣಗಳ ಹಸಿರು ಗುರುತನ್ನೂ ನಾನು ಆಮೇಲಿಂದ ನಂಬುವುದಿಲ್ಲ.

"ಒಂದು ಅಂಡರ್‌ಸ್ಕೋರ್ ಹಾಕಿಬಿಡ್ರಿ" ಎಂದು ಅವರ ಮಗ ಹೇಳಿದ. ಇನ್‌ಸ್ಟಾಗ್ರಾಂನಲ್ಲಿ ಅಂಡರ್‌ಸ್ಕೋರ್, ಚುಕ್ಕೆ ಎರಡೂ ನಡೆಯುತ್ತವೆ. ಆದರೆ ಡೊಮೇನ್ ಹೆಸರಿನಲ್ಲಿ ಅಂಡರ್‌ಸ್ಕೋರ್ ಹಾಕಲು ಬರುವುದಿಲ್ಲ, ಅಡ್ಡಗೆರೆ ಮಾತ್ರ. ಎಕ್ಸ್‌ನಲ್ಲಿ ಚುಕ್ಕೆಯೂ ಅಡ್ಡಗೆರೆಯೂ ಇಲ್ಲ, ಉದ್ದ 15 ಅಕ್ಷರಕ್ಕೆ ಮುಗಿಯಿತು. ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್ 30ರವರೆಗೆ ಕೊಡುತ್ತವೆ. ಎಲ್ಲ ಕಡೆಯೂ ಒಂದೇ ಹೆಸರು ಬೇಕೆಂದರೆ ಬರೀ ಅಕ್ಷರ, 15ರ ಒಳಗೆ. ಅವರಿಗೆ ಎಕ್ಸ್ ಬೇಕಾಗಿರಲಿಲ್ಲ, ಆದರೂ ಅತಿ ಬಿಗಿಯಾದ ತಾಣದ ಅಳತೆಗೆ ಹೊಲಿದರೆ ಉಳಿದೆಡೆ ಹಿಡಿಸುತ್ತದೆ. ಅದಲ್ಲದೆ ಫೋನಿನಲ್ಲಿ ಅಂಡರ್‌ಸ್ಕೋರ್ ಅನ್ನು ಗಿರಾಕಿಗೆ ಹೇಳಿಕೊಡುವ ಪಾಡನ್ನು ನಾನು ಹಿಂದೆ ಇನ್ನೊಬ್ಬರಲ್ಲಿ ಕಂಡಿದ್ದೆ. "ಕೆಳಗಿನ ಗೆರೆ" ಅಂದರೆ ಜನ ಅಡ್ಡಗೆರೆ ಹಾಕುತ್ತಾರೆ.

ಆದ್ದರಿಂದ ಮುಂದೆ ಒಂದು ಪದ ಸೇರಿಸಿದೆವು: marahanioil. 11 ಅಕ್ಷರ. ಈ ಸಲ ಕ್ರಮ ತಿರುಗಿಸಿದೆ. ಮೊದಲು ಇನ್‌ಸ್ಟಾಗ್ರಾಂ, ಯೂಟ್ಯೂಬ್, ಫೇಸ್‌ಬುಕ್‌ಗಳಲ್ಲಿ ಖಾತೆ ತೆರೆದು ಹೆಸರು ಹಿಡಿದು, ಅದೇ ಗಂಟೆಯಲ್ಲಿ .in ಮತ್ತು .com ಎರಡನ್ನೂ ಕೊಂಡೆ. ಅದಕ್ಕೂ ಮೊದಲು ಸರ್ಕಾರದ ಟ್ರೇಡ್‌ಮಾರ್ಕ್ ಹುಡುಕಾಟದ ತಾಣದಲ್ಲಿ ಖಾದ್ಯ ತೈಲ ಬರುವ 29ನೇ ವರ್ಗದಲ್ಲಿ ನೋಡಿದ್ದೆ. ಅಲ್ಲಿ ಉಚ್ಚಾರಣೆ ಹೋಲುವ ಹೆಸರುಗಳನ್ನು ಹುಡುಕುವ ಆಯ್ಕೆಯೂ ಇದೆ, ಕನ್ನಡ ಹೆಸರಿಗೆ ಅದೇ ಬೇಕಾದದ್ದು. ಖಾತೆಗಳನ್ನೆಲ್ಲ ಅವರ ಹೆಸರಿನ ಇಮೇಲ್‌ನಲ್ಲೇ ತೆರೆದೆ, ನನ್ನದರಲ್ಲಿ ಅಲ್ಲ.

ಇಷ್ಟಾದರೂ ಆ ಮೂಲ marahani.com ಅವರ ಮನಸ್ಸಿನಿಂದ ಹೋಗಿರಲಿಲ್ಲ. ಡೊಮೇನ್‌ಗಳ ವಿವರ ತೋರಿಸುವ lookup.icann.org ನಲ್ಲಿ ಅದರ ಅವಧಿ ಎರಡು ತಿಂಗಳಲ್ಲಿ ಮುಗಿಯುತ್ತದೆ ಅಂತ ತೋರಿಸಿತು. "ಕಾಯೋಣ್ರಿ, ಅವತ್ತ ರಾತ್ರಿ ತಗೋಳೋಣ" ಅಂದರು. ಆ ತಾರೀಖಿಗೆ .com ಬಿಡುಗಡೆಯಾಗುವುದಿಲ್ಲ. ಅವಧಿ ಮುಗಿದ ಮೇಲೂ 45 ದಿನದವರೆಗೆ ಹಳೆಯ ಮಾಲೀಕ ನವೀಕರಿಸಿಕೊಳ್ಳಬಹುದು, ಆಮೇಲೆ ಹೆಚ್ಚು ದುಡ್ಡು ಕೊಟ್ಟು ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಅಳಿಸುವ ಮುಂಚಿನ 5 ದಿನ. ಅಷ್ಟೂ ದಾಟಿ ಹೊರಬಿದ್ದರೂ, ಹೀಗೆ ಬೀಳುವ ಹೆಸರುಗಳನ್ನು ಹಿಡಿಯಲೆಂದೇ ಯಂತ್ರ ಹೂಡಿ ಕೂತವರ ಕೈಗೆ ಹೋಗುವುದೇ ಹೆಚ್ಚು. ಮಾರಾಟಕ್ಕಿಟ್ಟವನಂತೂ ಬಿಡುವ ಪೈಕಿ ಅಲ್ಲ. ಹಾಗೇ ಆಯಿತು, ತಾರೀಖಿಗೆ ವಾರವಿರುವಾಗಲೇ ಅವಧಿ ಒಂದು ವರ್ಷ ಮುಂದಕ್ಕೆ ಹೋಗಿತ್ತು.

ನಾನು ಅವಸರದಲ್ಲಿ ಕೊಂಡ marahani.in ಈಗ ಸುಮ್ಮನೆ ಹೊಸ ವಿಳಾಸಕ್ಕೆ ದಾರಿ ತೋರಿಸುತ್ತ ನಿಂತಿದೆ. ಅದರ ದುಡ್ಡು ನನ್ನ ಲೆಕ್ಕಕ್ಕೇ ಹಾಕಿಕೊಂಡೆ. ನವೀಕರಣದ ನೋಟಿಸು ಬಂದಾಗ "ಇದ ಬಿಟ್ಟ ಬಿಡೋಣೇನ್ರಿ?" ಎಂದು ಕೇಳಿದರು. ಬೇಡ ಅಂದೆ. ಒಂದು ವರ್ಷದಲ್ಲಿ 'ಆಯಿಲ್' ಮರೆತು ಟೈಪ್ ಮಾಡಿದವರು ಎಷ್ಟೋ ಜನ ಆ ದಾರಿಯಿಂದಲೇ ಅಂಗಡಿಗೆ ಬಂದಿದ್ದರು. ಬಿಟ್ಟರೆ ನಾಳೆ ಅದನ್ನು ಕೊಂಡವನು ಅಲ್ಲಿ ಜೂಜಿನ ತಾಣ ಇಟ್ಟರೂ, ನಮ್ಮ ಗಿರಾಕಿ ಅದನ್ನೂ ನಮ್ಮದೇ ಅಂದುಕೊಳ್ಳುತ್ತಾನೆ. ಅಂಗಡಿ ಮುಂದಿನ ಬೋರ್ಡಿನಲ್ಲಿ ಮಾತ್ರ ಈಗಲೂ ಕನ್ನಡದಲ್ಲಿ ದೊಡ್ಡದಾಗಿ 'ಗಾಣ' ಎಂದೇ ಇದೆ.